ಸಣ್ಣ ಕಿಡ್ನಿ ಇಟ್ಟುಕೊಂಡು ಬಸುರಿಯಾದ ಆ ತಿಂಗಳುಗಳು

ಎಂಟನೇ ವಾರದ ರಕ್ತದ ರಿಪೋರ್ಟ್ ಬಂದ ದಿನ ನಮ್ಮನೆಯಲ್ಲಿ ಎಲ್ಲರಿಗೂ ಸಮಾಧಾನ ಆಗಿತ್ತು. ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ ಕ್ರಿಯಾಟಿನಿನ್, ಅದು 1.1 ಅಂತ ಇತ್ತು. ಪಕ್ಕದಲ್ಲೇ ಲ್ಯಾಬಿನವರು ಪ್ರಿಂಟ್ ಮಾಡಿದ್ದ ಮಿತಿ 0.6ರಿಂದ 1.1. ದಪ್ಪ ಅಕ್ಷರ ಇಲ್ಲ, ನಕ್ಷತ್ರದ ಗುರುತೂ ಇಲ್ಲ. ‘ನೋಡು, ಎಂತದೂ ಇಲ್ಲ, ನಾರ್ಮಲ್ ಬಂದಿದೆ’ ಅಂದರು ಅತ್ತೆ. ನನಗೂ ಹಾಗೇ ಅನಿಸಿತ್ತು.

ಎರಡು ದಿನ ಬಿಟ್ಟು ಶಿವಮೊಗ್ಗದಲ್ಲಿ ಕಿಡ್ನಿ ಡಾಕ್ಟರಿಗೆ ಅದೇ ಹಾಳೆ ತೋರಿಸಿದೆ. ಅವರು ಲ್ಯಾಬಿನ ಮಿತಿಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. ‘ಇದು ಬಸುರಿಯರಿಗೆ ಹಾಕಿದ ಲೆಕ್ಕ ಅಲ್ಲಮ್ಮ’ ಅಂದರು. ಹೊಟ್ಟೆಯಲ್ಲಿ ಮಗು ನಿಂತ ಕೆಲವೇ ವಾರಗಳಲ್ಲಿ ಕಿಡ್ನಿಗೆ ಹರಿಯುವ ರಕ್ತ ಜಾಸ್ತಿ ಆಗುತ್ತದಂತೆ. ಸೋಸುವ ಕೆಲಸ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಹಾಗಾಗಿ ಆರೋಗ್ಯವಾಗಿರುವ ಬಸುರಿಯಲ್ಲಿ ಕ್ರಿಯಾಟಿನಿನ್ 0.5, 0.6ಕ್ಕೆ ಇಳಿದಿರುತ್ತದೆ. 0.9 ಬಂದರೇ ಡಾಕ್ಟರುಗಳು ಎಚ್ಚರ ಆಗುತ್ತಾರೆ. ಲ್ಯಾಬಿನ ಕಂಪ್ಯೂಟರಿಗೆ ನಾನು ಬಸುರಿ ಅಂತ ಗೊತ್ತಿರಲಿಲ್ಲ, ಅಷ್ಟೇ.

ಆದರೆ ಅವರ ಮುಖದಲ್ಲಿ ಗಾಬರಿಯೂ ಇರಲಿಲ್ಲ. ಬಸುರಿ ಆಗುವ ಮುಂಚೆ ನನ್ನ ಕ್ರಿಯಾಟಿನಿನ್ 1.3 ಇತ್ತು. ‘1.3ರಿಂದ 1.1ಕ್ಕೆ ಇಳಿದಿದೆ. ನಿಮ್ಮ ಕಿಡ್ನಿ ಹೆಚ್ಚಿನ ಕೆಲಸಕ್ಕೆ ಎದ್ದು ನಿಂತಿದೆ ಅಂತ ಅರ್ಥ. ಇಳಿಯದೇ ಇದ್ದಿದ್ದರೆ ನನಗೆ ಜಾಸ್ತಿ ಚಿಂತೆ ಆಗುತ್ತಿತ್ತು’ ಅಂದರು. ರಿಪೋರ್ಟಿನಲ್ಲಿರುವ ಒಂದು ಸಂಖ್ಯೆಗಿಂತ ಹಿಂದಿನ ತಿಂಗಳಿನಿಂದ ಅದು ಯಾವ ಕಡೆ ಹೋಗಿದೆ ಅನ್ನೋದೇ ಮುಖ್ಯ ಅಂತ ಅವತ್ತು ತಲೆಗೆ ಹೋಯಿತು. ಅವತ್ತಿನಿಂದ ನಮ್ಮನೆಯವರು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನನ್ನ ಲೆಕ್ಕ ಬರೆಯೋದಕ್ಕೆ ಶುರು ಮಾಡಿದರು.

ನನ್ನ ತೊಂದರೆ ಹುಟ್ಟಿನಿಂದ ಬಂದದ್ದು. ಮೂತ್ರಚೀಲದಿಂದ ಮೂತ್ರ ಹಿಂದಕ್ಕೆ, ಅಂದರೆ ಮೇಲಕ್ಕೆ ಕಿಡ್ನಿಗೆ ನುಗ್ಗುತ್ತಿತ್ತು. ಚಿಕ್ಕವಳಿದ್ದಾಗ ಮೂರು ತಿಂಗಳಿಗೊಮ್ಮೆ ನಡುಗುವ ಚಳಿಜ್ವರ ಬರುತ್ತಿತ್ತು. ಮಳೆಗಾಲದ ಜ್ವರ ಅಂತ ಔಷಧಿ ಕೊಡುತ್ತಿದ್ದರು. ಮೂರು ದಿನಕ್ಕೆ ಜ್ವರ ಬಿಡುತ್ತಿತ್ತು. ಯಾರೂ ಒಮ್ಮೆಯೂ ಮೂತ್ರ ಪರೀಕ್ಷೆ ಮಾಡಿಸಲಿಲ್ಲ. ಪ್ರತಿ ಜ್ವರವೂ ಕಿಡ್ನಿಯ ಮೇಲೆ ಒಂದೊಂದು ಗಾಯದ ಕಲೆ ಬಿಟ್ಟು ಹೋಗುತ್ತಿತ್ತು ಅಂತ ಗೊತ್ತಾಗಿದ್ದು 24ನೇ ವಯಸ್ಸಿನಲ್ಲಿ. ಸುಮ್ನೆ ತಲೆನೋವು ಅಂತ ಹೋದಾಗ ಬಿಪಿ 150/100 ಇತ್ತು. ಸ್ಕ್ಯಾನಿನಲ್ಲಿ ಎಡಗಡೆ ಕಿಡ್ನಿ ಏಳೂವರೆ ಸೆಂಟಿಮೀಟರಿಗೆ ಕುಗ್ಗಿತ್ತು. ಬಲಗಡೆಯದು ಹತ್ತೂವರೆ ಇತ್ತು. ಬೆಂಗಳೂರಿನಲ್ಲಿ ಮಾಡಿಸಿದ ಇನ್ನೊಂದು ಸ್ಕ್ಯಾನಿನಲ್ಲಿ ಬಲಗಡೆಯದರ ಮೇಲೂ ಎರಡು ಕಲೆ ಕಂಡವು.

ಮದುವೆ ಆದಮೇಲೆ ಮಗು ಬೇಕು ಅಂದಾಗ ಕಿಡ್ನಿ ಡಾಕ್ಟರ್ ಬೇಡ ಅನ್ನಲಿಲ್ಲ. ಕ್ರಿಯಾಟಿನಿನ್ 1.4ರ ಒಳಗಿದ್ದು ಬಿಪಿ ಹತೋಟಿಯಲ್ಲಿದ್ದರೆ ಹೆಚ್ಚಿನವರ ಕಿಡ್ನಿ ಹೆರಿಗೆ ಆದಮೇಲೂ ಹೆಚ್ಚು ಕಮ್ಮಿ ಮೊದಲಿನ ಹಾಗೇ ಉಳಿಯುತ್ತದೆ ಅಂದರು. 2 ದಾಟಿದವರಿಗೆ ಮಾತ್ರ ಇದ್ದ ಶಕ್ತಿಯೂ ಖಾಯಂ ಆಗಿ ಕುಸಿಯುವ ಭಯ ಇರುತ್ತದಂತೆ. ಆದರೆ ಬಿಪಿ ಏರುವುದು, ದಿನ ತುಂಬುವ ಮುಂಚೆ ಹೆರಿಗೆ ಆಗುವುದು, ಮಗುವಿನ ತೂಕ ಕಡಿಮೆ ಆಗುವುದು, ಈ ಮೂರೂ ನನ್ನಂಥವರಿಗೆ ಬೇರೆಯವರಿಗಿಂತ ಜಾಸ್ತಿ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು.

ಮೊದಲು ಮಾತ್ರೆ ಬದಲಾಯಿತು. ನಾನು ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ಳುತ್ತಿದ್ದೆ. ಕಿಡ್ನಿಗೆ ಒಳ್ಳೆಯ ಮಾತ್ರೆ ಅದು, ಆದರೆ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಯನ್ನೇ ಕೆಡಿಸುತ್ತದೆ. ಅದನ್ನು ನಿಲ್ಲಿಸಿ ಲ್ಯಾಬೆಟಲಾಲ್ ಕೊಟ್ಟರು. ಮೂರು ತಿಂಗಳು ಬಿಪಿ ಒಂದೇ ಸಮ ನಿಂತ ಮೇಲೆ ‘ಈಗ ಪ್ರಯತ್ನ ಮಾಡಿ’ ಅಂದರು. ಬಸುರಿ ಅಂತ ಗೊತ್ತಾಗಿ 12ನೇ ವಾರ ಆದ ಕೂಡಲೇ ರಾತ್ರಿ ಮಲಗುವಾಗ ಒಂದು ಚಿಕ್ಕ ಆಸ್ಪಿರಿನ್ ಮಾತ್ರೆ ಸೇರಿತು. ಬಸುರಿಯರಿಗೆ ಬಿಪಿ ಏರಿ ಅಪಾಯ ಆಗುವ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆಯನ್ನು ಅದು ಕಡಿಮೆ ಮಾಡುತ್ತದೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗಿ, ಆಮೇಲೆ ಒಳಗೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್. ಮನೆಯಿಂದ ಲೆಕ್ಕ ಹಾಕಿದರೆ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ ಬೇಕು. ಈ ದೂರದಿಂದ ಮೊದಲ ತಿಂಗಳೇ ಒಂದು ಎಡವಟ್ಟಾಯಿತು.

ಉರಿ ಇರಲಿ ಬಿಡಲಿ, ಜ್ವರ ಇರಲಿ ಬಿಡಲಿ, ತಿಂಗಳಿಗೊಮ್ಮೆ ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ, ಮಾಡಿಸಬೇಕು ಅಂತ ಹೇಳಿದ್ದರು. ಬೆಳಗಿನ ಮೂತ್ರ ಒಳ್ಳೆಯದು ಅಂತ ಯಾರೋ ಅಂದಿದ್ದಕ್ಕೆ ನಾನು ಆರು ಗಂಟೆಗೆ ಮನೆಯಲ್ಲೇ ಡಬ್ಬಿಗೆ ಹಿಡಿದು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಲ್ಯಾಬಿಗೆ ಕೊಟ್ಟಾಗ ಹತ್ತೂವರೆ. ಎರಡು ದಿನ ಬಿಟ್ಟು ಬಂದ ರಿಪೋರ್ಟಿನಲ್ಲಿ ಮೂರು ನಾಲ್ಕು ಥರದ ಬ್ಯಾಕ್ಟೀರಿಯಾ ಬೆರೆತಿದೆ, ಮತ್ತೆ ಸ್ಯಾಂಪಲ್ ಕೊಡಿ ಅಂತ ಇತ್ತು. ನನಗೆ ಎದೆ ಧಸಕ್ಕೆಂದಿತು. ಲ್ಯಾಬಿನ ಹುಡುಗಿ ಕೂರಿಸಿಕೊಂಡು ಹೇಳಿದಳು. ‘ಅಕ್ಕಾ, ಡಬ್ಬಿಯಲ್ಲಿ ಬಿದ್ದ ಎರಡು ಬ್ಯಾಕ್ಟೀರಿಯಾ ಬಸ್ಸಿನ ಬಿಸಿಗೆ ಲಕ್ಷ ಆಗುತ್ತವೆ. ಎರಡು ಗಂಟೆಯೊಳಗೆ ನಮ್ಮ ಕೈಗೆ ಬರಬೇಕು, ಇಲ್ಲಾಂದ್ರೆ ಫ್ರಿಜ್ಜಿನ ತಂಪಿನಲ್ಲೇ ಬರಬೇಕು. ನೀವು ಇಲ್ಲೇ ಬಂದು ಕೊಡಿ.’ ಹೇಗೆ ಕೊಡಬೇಕು ಅಂತಲೂ ಅವಳೇ ಹೇಳಿಕೊಟ್ಟಳು. ಬರೀ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನದನ್ನು ಮಾತ್ರ ಹಿಡಿಯಬೇಕು. ಡಬ್ಬಿಯ ಒಳಗಡೆ ಬೆರಳು ತಾಗಬಾರದು. ಮುಂದಿನ ತಿಂಗಳಿನಿಂದ ಬಸ್ಸಿಳಿಯುವ ತನಕ ತಡೆದುಕೊಂಡು ಹೋಗಿ ಅಲ್ಲೇ ಕೊಡೋಣ ಅಂದುಕೊಂಡೆ. ಅದಕ್ಕೂ ಡಾಕ್ಟರ್ ಬೈದರು. ಮೂತ್ರ ತಡೆಯೋದು ನನ್ನ ಕಾಯಿಲೆಗೇ ಗೊಬ್ಬರ ಅಂತೆ. ಮಂಡಗದ್ದೆಯಲ್ಲೋ ಎಲ್ಲೋ ಹೋಗಿ ಬಂದು, ಲ್ಯಾಬಿನಲ್ಲಿ ನೀರು ಕುಡಿದು ಅರ್ಧ ಗಂಟೆ ಕೂತು ಕೊಡುವುದು ರೂಢಿಯಾಯಿತು.

17ನೇ ವಾರದ ಕಲ್ಚರಿನಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಒಂದು ಲಕ್ಷದ ಮೇಲೆ ಬಂತು. ನನಗೆ ಉರಿ ಇಲ್ಲ, ನೋವಿಲ್ಲ, ಜ್ವರವಿಲ್ಲ. ಮಾವಿನಕಾಯಿ ಗೊಜ್ಜು ಹೊಟ್ಟೆತುಂಬ ಉಣ್ಣುತ್ತಿದ್ದ ದಿನಗಳು ಅವು. ‘ಆರಾಮಾಗಿದ್ದೀಯಲ್ಲ, ಎಂತಕ್ಕೆ ಸುಮ್ನೆ ಮಾತ್ರೆ? ಬಾಳೆದಿಂಡಿನ ರಸ ಕುಡಿ, ತೊಳೆದು ಹೋಗುತ್ತೆ’ ಅಂದರು ಅತ್ತೆ. ಅವರದು ಕಾಳಜಿಯ ಮಾತು. ಬಸುರಿ ಅಲ್ಲದ ಹೆಂಗಸಿನಲ್ಲಿ ಹೀಗೆ ಸದ್ದಿಲ್ಲದೆ ಇರುವ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ ಅಂತ ಡಾಕ್ಟರೂ ಒಪ್ಪಿದರು. ಆದರೆ ಬಸುರಿಯಲ್ಲಿ ಹಾರ್ಮೋನಿನಿಂದ ಮೂತ್ರನಾಳ ಸಡಿಲ ಆಗಿ ಹಿಗ್ಗುತ್ತದೆ. ಗರ್ಭಕೋಶ ಮೇಲಿನಿಂದ ಒತ್ತುತ್ತದೆ. ಮೂತ್ರ ಹರಿಯದೆ ನಿಲ್ಲುತ್ತದೆ. ಸದ್ದಿಲ್ಲದೆ ಕೂತಿದ್ದು ಮೇಲೆ ಹತ್ತಿ ಕಿಡ್ನಿ ಸೋಂಕು ಆಗುವುದು ಬಸುರಿಯರಲ್ಲಿ ಬಹಳ ಸುಲಭ. ನನಗೋ ಮೊದಲೇ ಹಿಂದಕ್ಕೆ ನುಗ್ಗುವ ದಾರಿ.

ರಿಪೋರ್ಟಿನ ಕೆಳಗೆ ಔಷಧಿಗಳ ಪಟ್ಟಿ ಇರುತ್ತದೆ. ಯಾವುದಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ. ಚಿಕ್ಕಂದಿನಲ್ಲಿ ನಾನು ತಿಂದಿದ್ದ ಮಾತ್ರೆಗಳ ಹೆಸರುಗಳ ಮುಂದೆ ಹೆಚ್ಚುಕಡಿಮೆ ಎಲ್ಲಾ ಕಡೆ ಜಗ್ಗುವುದಿಲ್ಲ ಅಂತಲೇ ಇತ್ತು. ನೈಟ್ರೊಫ್ಯುರಾಂಟೊಯಿನ್ ಏಳು ದಿನ ಕೊಟ್ಟರು. ಮುಗಿದು ಒಂದು ವಾರಕ್ಕೆ ಮತ್ತೆ ಕಲ್ಚರ್. ಈ ಎರಡನೆಯದನ್ನು ಬಿಡಬೇಡಿ ಅಂತ ನನ್ನಂಥ ಯಾರೇ ಸಿಕ್ಕರೂ ಹೇಳುತ್ತೇನೆ. ಮಾತ್ರೆ ಮುಗಿಯಿತು ಅಂದಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಯಿತು ಅಂತ ಅಲ್ಲ. ನನಗೆ ಹೋಗಿತ್ತು. ಬಾಳೆದಿಂಡಿನ ರಸದ ಬದಲು ಅತ್ತೆ ಬಾರ್ಲಿ ನೀರು ಕೊಡೋದಕ್ಕೆ ಶುರು ಮಾಡಿದರು. ‘ನೀರು ಒಳಗೆ ಹೋಗುತ್ತೆ, ಒಳ್ಳೆಯದೇ. ಆದರೆ ಅದು ಔಷಧಿ ಅಂತ ನಂಬಿ ಕೂರಬೇಡಿ’ ಅಂದರು ಡಾಕ್ಟರ್.

24ನೇ ವಾರ ಆಷಾಢದಲ್ಲಿ ಬಂತು. ಮೂರು ದಿನದಿಂದ ಬಿಡದ ಮಳೆ. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಸಂಜೆ ಬಲಗಡೆ ಬೆನ್ನಿನಲ್ಲಿ, ಪಕ್ಕೆಲುಬಿನ ಕೆಳಗೆ, ಒಂಥರಾ ಭಾರ. ಕೂತು ಕೂತು ಆಗಿರಬೇಕು ಅಂದುಕೊಂಡೆ. ರಾತ್ರಿ ಎರಡು ಗಂಟೆಗೆ ನಡುಕ ಶುರುವಾಯಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ವಾಂತಿ ಆಯಿತು. ಆ ನಡುಕ ನನಗೆ ಐದನೇ ವಯಸ್ಸಿನಿಂದ ಪರಿಚಯ. ‘ಬೆಳಗಾಗಲಿ’ ಅಂದ ಮಾವನಿಗೆ ನಾನೇ ‘ಈಗಲೇ ಹೋಗಬೇಕು ಮಾವ’ ಅಂದೆ. ಬಸುರಿಯಲ್ಲಿ ಕಿಡ್ನಿ ಸೋಂಕಿನ ಜ್ವರ ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹರಡಬಹುದು, ಹೊಟ್ಟೆ ಬಿಗಿದು ಹೆರಿಗೆ ನೋವು ಶುರುವಾಗಬಹುದು ಅಂತ ಮೊದಲೇ ಹೇಳಿದ್ದರು.

ಪಕ್ಕದ ಮನೆಯವರ ಜೀಪಿನಲ್ಲಿ ಹೊರಟೆವು. ರಸ್ತೆಗೆ ಬಿದ್ದ ಮರ ಕಡಿದು ಸರಿಸಲು ಮುಕ್ಕಾಲು ಗಂಟೆ ಹೋಯಿತು. ದಾರಿಯಲ್ಲಿ ಮೊದಲು ಸಿಕ್ಕ ಆಸ್ಪತ್ರೆಯಲ್ಲಿ ಇಳಿದೆವು. ನಾನು ನೋವಿಗೆ ನರಳುವುದನ್ನು ನೋಡಿ ಅಲ್ಲಿಯವರು ಡೈಕ್ಲೋಫೆನಾಕ್ ಇಂಜೆಕ್ಷನ್ ತೆಗೆದರು. ನಮ್ಮನೆಯವರು ತಾಯಿ ಕಾರ್ಡಿನ ಮೊದಲ ಪುಟ ತೆರೆದು ತೋರಿಸಿದರು. ಕಿಡ್ನಿ ಡಾಕ್ಟರ್ ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದರು: ಎರಡೂ ಕಿಡ್ನಿಯಲ್ಲಿ ಕಲೆ ಇದೆ, ಈ ಜಾತಿಯ ನೋವಿನ ಔಷಧಿ ಬೇಡ, ಪ್ಯಾರಾಸಿಟಮಾಲ್ ಸಾಕು, ಜ್ವರ ಬಂದರೆ ಕಲ್ಚರಿಗೆ ಮೂತ್ರ ತೆಗೆದ ಮೇಲೆ ಆಂಟಿಬಯಾಟಿಕ್. ಅವರು ಓದಿ, ಇಂಜೆಕ್ಷನ್ ಕೆಳಗಿಟ್ಟು, ಮೂತ್ರ ಹಿಡಿಸಿ, ಸೆಫ್ಟ್ರಿಯಾಕ್ಸೋನ್ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ಆ ನಾಲ್ಕು ಸಾಲು ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಅನಿಸುತ್ತದೆ.

ಶಿವಮೊಗ್ಗದಲ್ಲಿ ಆರು ದಿನ ಇದ್ದೆ. ಕ್ರಿಯಾಟಿನಿನ್ 1.6ಕ್ಕೆ ಹೋಗಿತ್ತು. ಸರಿಯಾದ ಔಷಧಿಯೇ ಬಿದ್ದಿದ್ದರೂ ಜ್ವರ ತಕ್ಷಣ ಬಿಡಲಿಲ್ಲ. ಎರಡನೇ ದಿನವೂ 102 ಬಂದಾಗ ಅಮ್ಮ ಅಳುತ್ತಾ ಕೂತರು. ಎರಡು ಮೂರು ದಿನ ಹಿಡಿಯುವುದು ಸಹಜ, 72 ಗಂಟೆಯಾದರೂ ಇಳಿಯದಿದ್ದರೆ ಮಾತ್ರ ಒಳಗೆ ಕೀವು ಕಟ್ಟಿದೆಯಾ, ಎಲ್ಲಾದರೂ ತಡೆ ಇದೆಯಾ ಅಂತ ಹುಡುಕಬೇಕು ಅಂದರು. ನನಗೆ ಮೊದಲೇ ಒಂದು ಸ್ಕ್ಯಾನ್ ಮಾಡಿದ್ದರು. ಬಲಗಡೆ ಕಿಡ್ನಿ ಊದಿತ್ತು. ಅದು ತಡೆಯಿಂದ ಆದದ್ದೋ, ಬಸುರಿನಿಂದ ಆದದ್ದೋ ಹೇಳುವುದು ಕಷ್ಟ. ಗರ್ಭಕೋಶ ಸ್ವಲ್ಪ ಬಲಕ್ಕೆ ವಾಲುವುದರಿಂದ ಎಷ್ಟೋ ಬಸುರಿಯರಲ್ಲಿ ಬಲಗಡೆ ಕಿಡ್ನಿ ಊದಿರುತ್ತದಂತೆ. ಎಡಕ್ಕೆ ಮಗ್ಗುಲಾಗಿ ಮಲಗಿಸಿದರು. ಗ್ಲೂಕೋಸ್ ನೀರನ್ನೂ ಅಳೆದು ಅಳೆದು ಹಾಕುತ್ತಿದ್ದರು. ಈ ಸೋಂಕಿನಲ್ಲಿ ಬಸುರಿಯ ಶ್ವಾಸಕೋಶಕ್ಕೆ ನೀರು ತುಂಬುವ ಅಪಾಯ ಇದೆಯಂತೆ, ಅದಕ್ಕೇ ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿಯೇ ಇಟ್ಟಿದ್ದರು. ಮೂರನೇ ದಿನ ಮಧ್ಯಾಹ್ನ ಮೈ ಬೆವರಿ ಜ್ವರ ಬಿಟ್ಟಿತು. ಗಂಜಿ ಮತ್ತು ಉಪ್ಪಿನಕಾಯಿಯ ರಸ ಕೇಳಿದೆ. ಉಪ್ಪಿನಕಾಯಿ ಕೊಡಲಿಲ್ಲ.

ಮನೆಗೆ ಬಂದ ಮೇಲೆ ಮಾತ್ರೆ ಸೇರಿ ಒಟ್ಟು 14 ದಿನದ ಕೋರ್ಸ್. ಅದಾದ ಮೇಲೆ ಪ್ರತಿ ರಾತ್ರಿ ಒಂದು ಸೆಫಲೆಕ್ಸಿನ್ 250, ಹೆರಿಗೆ ಆಗಿ ಆರು ವಾರದ ತನಕ. ಮೊದಲಿನ ನೈಟ್ರೊಫ್ಯುರಾಂಟೊಯಿನ್ ಯಾಕೆ ಬೇಡ ಅಂತ ಕೇಳಿದ್ದಕ್ಕೆ, ದಿನ ತುಂಬುತ್ತಾ ಬಂದಾಗ ಅದು ಮಗುವಿನ ಕೆಂಪು ರಕ್ತಕಣ ಒಡೆಯಬಹುದು ಅಂದರು. ಜೊತೆಗೆ ಅದು ಮೂತ್ರದಲ್ಲಿ ಸೇರುತ್ತದೆಯೇ ಹೊರತು ಕಿಡ್ನಿಯ ಮಾಂಸದೊಳಗೆ ಸಾಕಷ್ಟು ಇಳಿಯುವುದಿಲ್ಲ. ಹಾಗಾಗಿ ಮೂತ್ರಚೀಲದ ಸೋಂಕಿಗೆ ಆಗುತ್ತದೆ, ಕಿಡ್ನಿ ಸೋಂಕಿಗೆ ಆಗುವುದಿಲ್ಲ. ರಾತ್ರಿಯ ಮಾತ್ರೆ ಶುರುವಾದಮೇಲೆ ಮತ್ತೆ ಆ ನಡುಕ ಬರಲಿಲ್ಲ. ತಿಂಗಳ ಕಲ್ಚರ್ ಮಾತ್ರ ನಿಲ್ಲಲಿಲ್ಲ.

28ನೇ ವಾರದಿಂದ ಎರಡು ವಾರಕ್ಕೊಮ್ಮೆ ಶಿವಮೊಗ್ಗ. ರಕ್ತ, ಮೂತ್ರದ ಪ್ರೋಟೀನ್, ಮಗುವಿನ ಬೆಳವಣಿಗೆಯ ಸ್ಕ್ಯಾನ್. ಮನೆಯಲ್ಲಿ ಬೆಳಿಗ್ಗೆ ಸಂಜೆ ಬಿಪಿ. 135/85ರ ಒಳಗಿರಬೇಕು. ಐದು ನಿಮಿಷ ಕೂತು, ಬೆನ್ನು ಒರಗಿಸಿ, ಕೈ ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಒಲೆ ಊದಿ ಬಂದು ಕೂಡಲೇ ನೋಡಿದರೆ ಸುಳ್ಳು ಸಂಖ್ಯೆ ಬರುತ್ತದೆ.

33ನೇ ವಾರ ಪುಸ್ತಕದಲ್ಲಿ ಎರಡು ಸಂಖ್ಯೆ ಒಟ್ಟಿಗೆ ಮೇಲೆ ಹೋದವು. ಬಿಪಿ 148/94. ಮೂತ್ರದ ಪ್ರೋಟೀನ್ ಮೊದಲಿದ್ದುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಬೇರೆ ಬಸುರಿಯಲ್ಲಿ ಇವೆರಡು ಕಂಡರೆ ಪ್ರಿಎಕ್ಲಾಂಪ್ಸಿಯಾ ಅಂದುಬಿಡಬಹುದು. ನನಗೆ ಬಸುರಿ ಆಗುವ ಮುಂಚೆಯೇ ಬಿಪಿ ಇತ್ತು, ಪ್ರೋಟೀನೂ ಹೋಗುತ್ತಿತ್ತು. ಕಿಡ್ನಿಗೆ ಕೆಲಸ ಜಾಸ್ತಿಯಾದಾಗ ಪ್ರೋಟೀನ್ ತಾನಾಗಿಯೂ ಏರುತ್ತದೆ. ಈಗ ಏರಿದ್ದು ಹಳೆಯ ಕಾಯಿಲೆಯೋ ಹೊಸ ಅಪಾಯವೋ? ಹಳೆಯದಾದರೆ ಮಾತ್ರೆ ಏರಿಸಿ ಕಾಯಬಹುದು. ಹೊಸದಾದರೆ ಹೆರಿಗೆ ಮಾಡಿಸುವುದೇ ಮದ್ದು. 33 ವಾರಕ್ಕೆ ಮಗುವನ್ನು ಸುಮ್ನೆ ಹೊರಗೆ ತೆಗೆಯುವ ಹಾಗಿಲ್ಲ, ಸುಮ್ನೆ ಕಾಯುವ ಹಾಗೂ ಇಲ್ಲ.

ಹೆರಿಗೆ ಡಾಕ್ಟರೂ ಕಿಡ್ನಿ ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡರು. ಅಡ್ಮಿಟ್ ಮಾಡಿ, ಪ್ರೋಟೀನ್ ಬಿಟ್ಟು ಬೇರೆ ಕಡೆ ಹುಡುಕಿದರು. ಪ್ಲೇಟ್‌ಲೆಟ್ ಸರಿ ಇತ್ತು. ಲಿವರ್ ಸರಿ ಇತ್ತು. ಮಗು ಸಣ್ಣದು, ಆದರೆ ಬೆಳೆಯುತ್ತಿತ್ತು, ಹೊಕ್ಕುಳಬಳ್ಳಿಯ ರಕ್ತದ ಹರಿವು ಚೆನ್ನಾಗಿತ್ತು. ಮಾಸು ಹೇಗಿದೆ ಅಂತ ಹೇಳುವ ಒಂದು ರಕ್ತಪರೀಕ್ಷೆಯನ್ನು ಬೆಂಗಳೂರಿಗೆ ಕಳಿಸಿದರು. ಮಾಸಿನಿಂದ ಬರುವ ಎರಡು ಪ್ರೋಟೀನುಗಳ ಅನುಪಾತ ಅದು. 38ಕ್ಕಿಂತ ಕಡಿಮೆ ಬಂದರೆ ಮುಂದಿನ ಒಂದು ವಾರದಲ್ಲಿ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ತೀರಾ ಕಡಿಮೆ. ನನ್ನದು 38ರ ಕೆಳಗೇ ಬಂತು. ಲ್ಯಾಬೆಟಲಾಲ್ ಏರಿಸಿ, ನಿಫೆಡಿಪಿನ್ ಸೇರಿಸಿ, ಮಗುವಿನ ಶ್ವಾಸಕೋಶ ಬಲಿಯಲು ಎರಡು ಇಂಜೆಕ್ಷನ್ ಕೊಟ್ಟು ಕಾದರು. ಕಾಯೋಣ ಅನ್ನುವುದೂ ಒಂದು ಚಿಕಿತ್ಸೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾವು ಊರಿಗೆ ಹೋಗದೆ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲೇ ಉಳಿದೆವು. ವಾರಕ್ಕೆರಡು ಸಲ ರಕ್ತ.

ಹೀಗೆ ಮೂರು ವಾರ ಸಿಕ್ಕಿತು. 36ನೇ ವಾರದ ಒಂದು ಬೆಳಿಗ್ಗೆ ಹಣೆ ಸಿಡಿಯುವಂಥ ತಲೆನೋವು. ಬಿಪಿ 164/106. ಕ್ರಿಯಾಟಿನಿನ್ 1.5, ಪ್ಲೇಟ್‌ಲೆಟ್ ಹಿಂದಿನ ವಾರದ ಅರ್ಧಕ್ಕೆ ಇಳಿದಿತ್ತು. ಈ ಸಲ ಯಾರಿಗೂ ಅನುಮಾನ ಇರಲಿಲ್ಲ. ಫಿಟ್ಸ್ ಬರದಂತೆ ಮೆಗ್ನೀಸಿಯಂ ಹಾಕಿದರು. ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಹಾಗಾಗಿ ನನಗೆ ನಿಧಾನವಾಗಿ, ಕಡಿಮೆ ಹಾಕಿ, ಗಂಟೆಗೊಮ್ಮೆ ಮೊಣಕಾಲಿಗೆ ಸುತ್ತಿಗೆ ತಟ್ಟಿ ಕಾಲು ಚಿಮ್ಮುತ್ತದಾ ಅಂತ ನೋಡುತ್ತಿದ್ದರು. ಕಾಲು ಚಿಮ್ಮುವುದು ನಿಂತರೆ ಔಷಧಿ ಮೈಯಲ್ಲಿ ಜಾಸ್ತಿ ಆಗಿದೆ ಅಂತ ಅರ್ಥ. ಸಂಜೆ ಸಿಸೇರಿಯನ್ ಆಯಿತು. ಮಗಳು, 2 ಕೆಜಿ 150 ಗ್ರಾಂ. ಅಳು ಕೇಳಿಸಿತು. ಐದು ದಿನ ಮಕ್ಕಳ ವಾರ್ಡಿನಲ್ಲಿ ಇಟ್ಟುಕೊಂಡು ಕೊಟ್ಟರು.

ಹೆತ್ತ ಮೇಲೆ ಎಲ್ಲಾ ಮುಗಿಯಿತು ಅಂತ ಮನೆಯವರು ಸಿಹಿ ಹಂಚುತ್ತಿದ್ದರು. ಬಿಪಿ ಮಾತ್ರ ನಾಲ್ಕನೇ ದಿನ ಮತ್ತೆ ಏರಿತು. ಹೆರಿಗೆ ಆದ ಮೊದಲ ವಾರ ಏರುವುದು ಸಾಮಾನ್ಯ, ಅದಕ್ಕೇ ಬೇಗ ಮನೆಗೆ ಕಳಿಸಿರಲಿಲ್ಲ. ಹೊಲಿಗೆ ನೋವಿಗೂ ಡೈಕ್ಲೋ ಇಲ್ಲ. ಪ್ಯಾರಾಸಿಟಮಾಲಿನಲ್ಲೇ ಕಳೆದೆ, ಕಷ್ಟವೇ ಆಯಿತು. ಬಿಪಿಗೆ ಎನಲಾಪ್ರಿಲ್ ಕೊಟ್ಟರು. ಬಸುರಿಗೆ ಆಗದ ಜಾತಿಯ ಮಾತ್ರೆ ಅದು, ಹಾಲುಣಿಸುವಾಗ ತಗೊಳ್ಳಬಹುದು. ಮೂರು ತಿಂಗಳಿಗೆ ಕ್ರಿಯಾಟಿನಿನ್ 1.4ಕ್ಕೆ ನಿಂತಿತು. ಬಸುರಿ ಆಗುವ ಮುಂಚಿನ 1.3ಕ್ಕೆ ವಾಪಸ್ ಹೋಗಲಿಲ್ಲ. ಆ ಒಂದು ಹತ್ತಾಂಶವನ್ನು ನಮ್ಮನೆಯವರು ಪುಸ್ತಕದಲ್ಲಿ ಬರೆದು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎರಡನೇ ಮಗುವಿನ ಮಾತು ಬಂದರೆ ಈ ಸಂಖ್ಯೆಯಿಂದಲೇ ಲೆಕ್ಕ ಶುರು ಅಂತ ಡಾಕ್ಟರ್ ಹೇಳಿದ್ದಾರೆ.

ಮೂತ್ರ ಹಿಂದಕ್ಕೆ ನುಗ್ಗುವ ತೊಂದರೆ ತಾಯಿಯಿಂದ ಮಗುವಿಗೆ ಬರಬಹುದು. ಅದಕ್ಕೆ ಮಗಳ ಕಿಡ್ನಿ ಸ್ಕ್ಯಾನ್ ಮಾಡಿಸಿದೆವು, ಎರಡೂ ಒಂದೇ ಅಳತೆ ಇದ್ದವು. ಸ್ಕ್ಯಾನ್ ಚೆನ್ನಾಗಿ ಬಂದ ಮಾತ್ರಕ್ಕೆ ತೊಂದರೆ ಇಲ್ಲವೇ ಇಲ್ಲ ಅನ್ನಲಾಗದು, ಕಾರಣ ಕಾಣದ ಜ್ವರ ಬಂದರೆ ಮೊದಲು ಮೂತ್ರ ನೋಡಿಸಿ ಅಂದರು ಮಕ್ಕಳ ಡಾಕ್ಟರ್. ಐದು ತಿಂಗಳಿಗೆ ಅವಳಿಗೆ ಜ್ವರ ಬಂತು. ‘ಹಲ್ಲು ಬರುವ ಜ್ವರ ಇರಬೇಕು ಕಣೇ’ ಅಂದರು ಅಮ್ಮ. ನಾನು ಡಬ್ಬಿ ಹಿಡಿದು, ಕಾಲು ಚಾಚಿ, ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಯಲ್ಲಿ ಒಂದೂ ಕಾಲು ಗಂಟೆ ಕಾದೆ. ಅಮ್ಮ ಪಕ್ಕದಲ್ಲೇ ಕೂತು, ‘ನಿನಗೂ ಹೀಗೆ ಮಾಡಿಸಬೇಕಿತ್ತು’ ಅಂತ ಮೆಲ್ಲಗೆ ಅಂದರು. ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಏನೂ ಬೆಳೆದಿರಲಿಲ್ಲ.